ಮಗ್ಗುಲು ಬದಲಿಸುವ ಪಟ್ಟಿ: ಗಡಿಯಾರದಿಂದ ಚರ್ಮದ ಕಡೆಗೆ

ಹಾಸಿಗೆ ಹಿಡಿದವರಿಗೆ ಬೆನ್ನ ಬುಡದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುವುದು ನರಗಳ ಹಾನಿಯಿಂದ, ಅದನ್ನು ತಡೆಯಲಾಗದು ಎಂದು 19ನೇ ಶತಮಾನದಲ್ಲಿ ಪ್ಯಾರಿಸ್‌ನ ಹೆಸರಾಂತ ವೈದ್ಯ ಶಾರ್ಕೊ ನಂಬಿದ್ದರು. ಆದರೆ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಅದು ಬಹುಪಾಲು ಶುಶ್ರೂಷೆಯ ಲೋಪವೆಂದು ಬರೆದಿದ್ದರು. ಅದನ್ನು ಕೆಲಸದಲ್ಲಿ ತೋರಿಸಿದವರು ಲುಡ್ವಿಗ್ ಗುಟ್ಮನ್. 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಹೊರಳಿಸುವ ಪದ್ಧತಿ ತಂದರು. ಇಂದಿಗೂ ಮನೆಮನೆಯಲ್ಲಿ ನರ್ಸ್‌ಗಳು ಹೇಳಿಕೊಡುವುದು ಅದೇ ಎರಡು ಗಂಟೆಯ ಲೆಕ್ಕ.

1962ರಲ್ಲಿ ಡೋರೀನ್ ನಾರ್ಟನ್, ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚೆಂದು ಅಂಕ ಹಾಕಿ ತಿಳಿಯುವ ಕ್ರಮ ತಂದರು. 1987ರ ಬ್ರೇಡನ್ ಪಟ್ಟಿ ಸ್ಪರ್ಶಜ್ಞಾನ, ಒದ್ದೆ, ಓಡಾಟ, ಹೊರಳುವ ಶಕ್ತಿ, ಊಟ, ಉಜ್ಜಾಟ ಎಂಬ ಆರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ವೃದ್ಧಾಶ್ರಮಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳ್ಳೆಯ ದಪ್ಪ ಫೋಮ್ ಹಾಸಿಗೆಯ ಮೇಲೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಹತ್ತಿ ಹಾಸಿಗೆಯ ಮೇಲಿರುವವರನ್ನು ನಾಲ್ಕು ಗಂಟೆ ಬಿಡುವಂತಿಲ್ಲ. ಹೊತ್ತನ್ನು ನಿರ್ಧರಿಸಬೇಕಾದದ್ದು ಆ ರೋಗಿಯ ಚರ್ಮ. ಈ ದಾರಿಯಲ್ಲಿ ನಾವು ಕಲಿತ ಮುಖ್ಯ ಪಾಠ ಇದೇ ಎಂದು ನನ್ನ ನಂಬಿಕೆ. ಆದ್ದರಿಂದ ಹೊರಳಿಸಿದ ಸಮಯವೂ ಚರ್ಮದ ಸ್ಥಿತಿಯೂ ಒಂದೇ ಹಾಳೆಯಲ್ಲಿರಬೇಕು.

ಎಡಭಾಗಕ್ಕೆ ಲಕ್ವ ಹೊಡೆದ ಅಜ್ಜಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಗ್ಗೆ 6ಕ್ಕೆ ಬಲ ಮಗ್ಗುಲು, 8ಕ್ಕೆ ಅಂಗಾತ, 10ಕ್ಕೆ ಎಡ. ಪೂರ್ತಿ ಮಗ್ಗುಲಾಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಬೇಕು. 12ಕ್ಕೆ ಹೊರಳಿಸುವಾಗ ಎಡ ಸೊಂಟ ಕೆಂಪಾಗಿ ಕಂಡಿತೆನ್ನಿ. ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕೆಂಪು ಪೂರ್ತಿ ಮಾಸುವ ತನಕ ಆ ಮಗ್ಗುಲು ಬೇಡ. ಬಿಳಿಚಿದರೂ ಅರ್ಧ ಗಂಟೆಯಲ್ಲಿ ಮಾಸದಿದ್ದರೆ, ಸ್ಪರ್ಶವೇ ತಿಳಿಯದ ಆ ಎಡಮಗ್ಗುಲಿಗೆ ಮುಂದಿನ ಸಲ ಒಂದೇ ಗಂಟೆ ಎಂದು ಪಟ್ಟಿಯಲ್ಲಿ ತಿದ್ದಿ.

ನಮ್ಮ ಕಪ್ಪು, ಗೋದಿ ಬಣ್ಣದ ಮೈಯಲ್ಲಿ ಈ ಕೆಂಪು ಕಣ್ಣಿಗೆ ಬೀಳದೇ ಇರಬಹುದು. ಅದಕ್ಕಾಗಿ ಪಕ್ಕದ ಜಾಗದೊಂದಿಗೆ ಹೋಲಿಸಿ ಕೈಯಿಂದ ಮುಟ್ಟಿ ನೋಡಿ: ಹೆಚ್ಚು ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ ಎಂದು ಬರೆಯಿರಿ. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗೆ ನಲುಗಿದ ಮಾಂಸ ಇನ್ನಷ್ಟು ಹಾಳಾಗುತ್ತದೆ. ಉಂಗುರದಂಥ ಗಾಳಿದಿಂಬೂ ಬೇಡ, ಅದರ ಅಂಚೇ ಸುತ್ತಲಿನ ರಕ್ತ ತಡೆಯುತ್ತದೆ.

ಚರ್ಮ ಕಿತ್ತುಬಂದರೆ, ಗುಳ್ಳೆ ಎದ್ದರೆ, ನೇರಳೆ ಅಥವಾ ಕಪ್ಪಾದರೆ ಆ ದಿನವೇ ನರ್ಸ್‌ಗೆ ಇಲ್ಲವೇ ವೈದ್ಯರಿಗೆ ಪಟ್ಟಿಯ ಸಮೇತ ತೋರಿಸಿ.