ಪ್ರಭಾರ ಪಟ್ಟಿ: ಕೋಲಾರ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ

ಪ್ರಭಾರ ಪಟ್ಟಿ ಎಂದರೆ ವರ್ಗಾವಣೆ, ಬಡ್ತಿ ಅಥವಾ ನಿವೃತ್ತಿಯ ಕಾರಣ ಕಚೇರಿ ಬಿಡುವ ಗುಮಾಸ್ತರು ತಮ್ಮ ಬಳಿ ಬಾಕಿ ಇರುವ ಕಡತಗಳನ್ನೆಲ್ಲ ನಮೂದಿಸಿ, ಮುಂದೆ ಆ ಮೇಜಿಗೆ ಬರುವವರಿಗೆ ಒಪ್ಪಿಸುವ ಬರಹ. ಕಚೇರಿಯ ಮಾತಿನಲ್ಲಿ ಇದು ‘ಚಾರ್ಜ್ ಲಿಸ್ಟ್’. ಪ್ರಭಾರ ವರದಿ ಬೇರೆ, ಪ್ರಭಾರ ಪಟ್ಟಿ ಬೇರೆ. ಯಾರು, ಯಾವ ದಿನ, ಪೂರ್ವಾಹ್ನವೋ ಅಪರಾಹ್ನವೋ ಹುದ್ದೆ ಬಿಟ್ಟರು ಎಂಬ ಒಂದು ಹಾಳೆಯ ಪ್ರಮಾಣಪತ್ರವೇ ಪ್ರಭಾರ ವರದಿ. ಸಂಬಳ, ಸೇವಾ ಪುಸ್ತಕಗಳಿಗೆ ಅದು ಸಾಕು. ಜನರ ಕೆಲಸ ನಿಲ್ಲುವುದೋ ನಡೆಯುವುದೋ ಎಂಬುದು ಪಟ್ಟಿಯನ್ನು ಅವಲಂಬಿಸಿದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಕಚೇರಿಗಳಲ್ಲಿ ಈ ಪಟ್ಟಿ ಬರೆಯುವವರು ಸಾಮಾನ್ಯವಾಗಿ ಪ್ರಥಮ ದರ್ಜೆ ಅಥವಾ ದ್ವಿತೀಯ ದರ್ಜೆ ಸಹಾಯಕರು. ಕಡತ ನೋಡುವ ಕೆಲಸದಲ್ಲಿ ಇವರಿಗೆ ವಿಷಯ ನಿರ್ವಾಹಕರು ಎಂದು ಹೆಸರು. ಜನ ಕರೆಯುವುದು ‘ಕೇಸ್ ವರ್ಕರ್’ ಎಂದು. ಇವರ ಮೇಲೆ ಶಿರಸ್ತೇದಾರರು, ಅವರ ಮೇಲೆ ತಹಶೀಲ್ದಾರರು. ಕಡತ ಯಾವ ಮೇಜಿನದು ಎಂಬುದು ಅದರ ಸಂಖ್ಯೆಯ ಮೊದಲಕ್ಷರಗಳಿಂದಲೇ ಗೊತ್ತಾಗುತ್ತದೆ. ಎಲ್‌ಎನ್‌ಡಿ ಎಂದಿದ್ದರೆ ಜಮೀನು ಮಂಜೂರಾತಿ, ಎಎಲ್‌ಎನ್ ಎಂದಿದ್ದರೆ ಭೂ ಪರಿವರ್ತನೆ, ಆರ್‌ಆರ್‌ಟಿ ಎಂದಿದ್ದರೆ ಪಹಣಿ ತಿದ್ದುಪಡಿ ಮತ್ತು ಖಾತೆ ತಕರಾರು. ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶ ಬೆಳೆದಂತೆ ಪರಿವರ್ತನೆ ಮತ್ತು ಭೂಸ್ವಾಧೀನದ ಕಡತ ಹೆಚ್ಚಿದರೆ, ಶ್ರೀನಿವಾಸಪುರದಲ್ಲಿ ಗೋಮಾಳ, ಅರಣ್ಯದ ಅಂಚಿನ ಜಮೀನುಗಳದೇ ತಲೆನೋವು.

ಪಟ್ಟಿಯ ಅಂಕಣಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಕ್ರಮ ಸಂಖ್ಯೆ, ಕಡತ ಸಂಖ್ಯೆ, ವಿಷಯ, ಟಿಪ್ಪಣಿ ಮತ್ತು ಪತ್ರ ವ್ಯವಹಾರದ ಪುಟಗಳು, ಈಗಿನ ಹಂತ, ಮುಂದಿನ ಕ್ರಮ, ಷರಾ. ಕೆಡುವುದು ಐದು ಮತ್ತು ಆರನೆಯ ಅಂಕಣಗಳಲ್ಲಿ. ಹಂತದ ಎದುರು ‘ಪರಿಶೀಲನೆಯಲ್ಲಿದೆ’, ಮುಂದಿನ ಕ್ರಮದ ಎದುರು ‘ನಿಯಮಾನುಸಾರ ಕ್ರಮ’ ಎಂದು ಬರೆದ ಪಟ್ಟಿ ಎಷ್ಟು ಉದ್ದವಿದ್ದರೂ ಸಾಮಾನು ಪಟ್ಟಿಯಷ್ಟೇ. ಹೊಸಬರು ಮತ್ತೆ ಮೊದಲ ಪುಟದಿಂದ ಓದಬೇಕು. ಓದಲು ಪುರಸೊತ್ತಿಲ್ಲದಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ‘ವರದಿ ಸಲ್ಲಿಸಿ’ ಎಂದು ಇನ್ನೊಂದು ಜ್ಞಾಪನ ಹೊರಡಿಸುತ್ತಾರೆ. ಬಂದಿರುವ ವರದಿಯನ್ನೇ ಮತ್ತೆ ಕೇಳುವ ಈ ಅಭ್ಯಾಸದಿಂದ ಅರ್ಜಿದಾರನಿಗೆ ತಿಂಗಳುಗಟ್ಟಲೆ ಹೋಗುತ್ತದೆ.

ಒಂದು ಮಾದರಿ ಕಡತ ತೆಗೆದುಕೊಳ್ಳಬಹುದು. ಇದು ಕಲ್ಪಿತ, ಆದರೆ ಇಂಥದ್ದು ಶ್ರೀನಿವಾಸಪುರದ ಕಡೆ ಅಪರೂಪವಲ್ಲ. ಗೋಮಾಳದ ಸರ್ವೆ ನಂಬರೊಂದರಲ್ಲಿ ರೈತರೊಬ್ಬರಿಗೆ 1979–80ರಲ್ಲಿ 2 ಎಕರೆ ಮಂಜೂರಾಗಿದೆ. ಸಾಗುವಳಿ ಚೀಟಿ ಕೈಯಲ್ಲಿದೆ, ಖಾತೆಯೂ ಆಗಿದೆ. ಆದರೆ ಅಳತೆ ಮಾಡಿ ಪೋಡಿ ಮಾಡಿಲ್ಲ. ಹಾಗಾಗಿ ಪಹಣಿಯಲ್ಲಿ ಸರ್ವೆ ನಂಬರಿನ ಮುಂದೆ ‘ಪಿ’ ಅಕ್ಷರ ಸೇರಿದ ಪೈಕಿ ಸಂಖ್ಯೆ ಬಂದಿದೆ: 45/ಪಿ7 ಎಂಬಂತೆ. ಪಿ ನಂಬರ್ ಇರುವವರೆಗೆ ಆ 2 ಎಕರೆ ಗೋಮಾಳದ ಯಾವ ಮೂಲೆಯಲ್ಲಿದೆ ಎಂದು ನಕ್ಷೆ ಹೇಳುವುದಿಲ್ಲ. ಮಕ್ಕಳ ನಡುವೆ ವಿಭಾಗ ಮಾಡಿಕೊಳ್ಳಲೂ ಮಾರಲೂ ಅಡ್ಡಿ. ರೈತರು ದುರಸ್ತಿಗೆ ಅರ್ಜಿ ಕೊಟ್ಟಿದ್ದಾರೆ.

ಈ ಕೆಲಸ ಎರಡು ಕಚೇರಿಗಳ ನಡುವೆ ಹಂಚಿಹೋಗಿದೆ. 1ರಿಂದ 5ನೇ ನಮೂನೆಯನ್ನು ತಾಲ್ಲೂಕು ಕಚೇರಿ ತಯಾರಿಸಬೇಕು. ಮಂಜೂರಾತಿ ನಿಜವೇ, ಎಷ್ಟು ಜನರಿಗೆ ಎಷ್ಟು ಕೊಟ್ಟಿದೆ, ಸರ್ವೆ ನಂಬರಿನಲ್ಲಿ ಅಷ್ಟು ವಿಸ್ತೀರ್ಣ ಉಂಟೇ ಎಂಬುದನ್ನು ದಾಖಲೆಯಿಂದ ಖಚಿತಪಡಿಸುವುದು ಅದರ ಭಾಗ. ಆ ಮೇಲೆ 6ರಿಂದ 10ನೇ ನಮೂನೆ ಸರ್ವೆ ಇಲಾಖೆಯದು: ಅಳತೆ, ನಕ್ಷೆ, ಆಕಾರಬಂದ್ ತಿದ್ದುಪಡಿ, ಹೊಸ ನಂಬರು. ಮೊದಲ ಭಾಗಕ್ಕೆ ಮೂಲ ಮಂಜೂರಾತಿ ಕಡತ ಬೇಕೇ ಬೇಕು. ಅದು ಅಭಿಲೇಖಾಲಯದಲ್ಲಿ ಸಿಗದಿದ್ದರೆ ಸಾಗುವಳಿ ಚೀಟಿ ವಿತರಿಸಿದ ವಹಿ, ಕಿಮ್ಮತ್ತು ಕಟ್ಟಿದ ದಾಖಲೆ, ಹಳೆಯ ಮ್ಯುಟೇಶನ್, ಮೊದಲಿನಿಂದ ಬಂದ ಪಹಣಿಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಚೀಟಿ ಖೋಟಾ ಆಗಿದ್ದರೆ ಸಿಕ್ಕಿಬೀಳುವುದು ಇಲ್ಲೇ: ಚೀಟಿಯ ಸಂಖ್ಯೆ ವಹಿಯಲ್ಲಿ ಬೇರೊಬ್ಬರ ಹೆಸರಿಗೆ ಇರುತ್ತದೆ, ಇಲ್ಲವೇ ಹಣ ಕಟ್ಟಿದ ನಮೂದೇ ಇರುವುದಿಲ್ಲ.

ಈ ಕಡತ ಹಿಡಿದಿದ್ದ ವಿಷಯ ನಿರ್ವಾಹಕರು ಹೊರಡುವಾಗ ಹಂತದ ಅಂಕಣದಲ್ಲಿ ಹೀಗೆ ಬರೆದರೆ ಕೆಲಸಕ್ಕೆ ಬರುತ್ತದೆ: ‘ಮೂಲ ಮಂಜೂರಾತಿ ಕಡತ ಲಭ್ಯವಿಲ್ಲವೆಂದು ಅಭಿಲೇಖಾಲಯದ ವರದಿ ಪುಟ 9ರಲ್ಲಿ ಇದೆ. ಚೀಟಿ ವಿತರಣಾ ವಹಿಯ ದೃಢೀಕೃತ ಪ್ರತಿ ಪುಟ 14. ಕಿಮ್ಮತ್ತು ಪಾವತಿಯ ದಾಖಲೆ ಇನ್ನೂ ಹುಡುಕಿಲ್ಲ. ಕಂದಾಯ ನಿರೀಕ್ಷಕರ ಸ್ಥಳ ವರದಿ ಪುಟ 18ರಿಂದ 21; ಜಮೀನಿನ ಉತ್ತರಕ್ಕೆ ಅರಣ್ಯದ ಗಡಿ ಇದೆ ಎಂದಿದ್ದಾರೆ.’ ಮುಂದಿನ ಕ್ರಮದಲ್ಲಿ: ‘ಪಾವತಿ ದಾಖಲೆ ಹುಡುಕಿಸಬೇಕು. ಅರಣ್ಯ ಇಲಾಖೆಯೊಂದಿಗೆ ಜಂಟಿ ಸರ್ವೆಗೆ ಕರಡು ಪತ್ರ ಟಿಪ್ಪಣಿ 6ರಲ್ಲಿ ಮಂಡಿಸಿದೆ, ಸಹಿಯಾಗಿಲ್ಲ. ಇವೆರಡೂ ಆಗುವವರೆಗೆ 1ರಿಂದ 5ನೇ ನಮೂನೆ ಕಳುಹಿಸಬಾರದು.’ ಇದರಲ್ಲಿ ಅತಿ ಬೆಲೆಯುಳ್ಳ ವಾಕ್ಯಗಳು ಎರಡು: ‘ಇನ್ನೂ ಹುಡುಕಿಲ್ಲ’ ಮತ್ತು ‘ಕಳುಹಿಸಬಾರದು’. ಮಾಡದೆ ಬಿಟ್ಟ ಕೆಲಸವನ್ನು ಬರೆಯಲು ಗುಮಾಸ್ತರು ಹಿಂಜರಿಯುತ್ತಾರೆ. ಬರೆಯದೆ ಹೋದರೆ ಹೊಸಬರು ಹುಡುಕಿ ಸಿಗಲಿಲ್ಲವೆಂದು ತಿಳಿದು, ಹಿಂಬರಹ ಕೊಟ್ಟು ಅರ್ಜಿಯನ್ನು ಮುಕ್ತಾಯ ಮಾಡಿಬಿಡುತ್ತಾರೆ. ಅರಣ್ಯ ಗಡಿಯ ಮಾತೂ ಹಗುರವಲ್ಲ. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವು ನಡೆದಾಗ ಕಂದಾಯ ದಾಖಲೆ ಹಿಡಿದ ರೈತರಿಗೂ ಅರಣ್ಯ ಇಲಾಖೆಗೂ ತಕರಾರು ಎದ್ದದ್ದು ಇಂಥ ಜಮೀನುಗಳ ಮೇಲೆಯೇ.

ಮೇಜಿನ ಮೇಲಿರುವ ಕಡತಕ್ಕಿಂತ ಮೇಜಿನ ಮೇಲಿಲ್ಲದ ಕಡತ ಪಟ್ಟಿಯಿಂದ ಸುಲಭವಾಗಿ ಜಾರುತ್ತದೆ. ಖಾತೆ ವಿಷಯದಲ್ಲಿ ತಹಶೀಲ್ದಾರರ ಆದೇಶದ ಮೇಲೆ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 136(2)ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗುತ್ತದೆ, ಅಲ್ಲಿಂದ 136(3)ರಡಿ ಪುನರೀಕ್ಷಣೆಗೆ ಜಿಲ್ಲಾಧಿಕಾರಿಗೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ಮೇಲೆ ಉಳಿದ ತಾಲ್ಲೂಕುಗಳಿಗೆಲ್ಲ ಕೋಲಾರದ ಉಪವಿಭಾಗಾಧಿಕಾರಿಯೇ ಮೇಲ್ಮನವಿ ಪ್ರಾಧಿಕಾರ. ಆದ್ದರಿಂದ ಮುಳಬಾಗಿಲಿನ ಆರ್‌ಆರ್‌ಟಿ ಕಡತವೊಂದು ‘ಕೆಳ ಹಂತದ ದಾಖಲೆ’ಯಾಗಿ ಕೋಲಾರಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಮುಳಬಾಗಿಲಿನ ಬೀರುವಿನಲ್ಲಿ ಅದರ ಗುರುತೆಂದರೆ ರವಾನೆ ವಹಿಯ ಒಂದು ಸಾಲು, ಇದ್ದರೆ ಒಂದು ಸ್ವೀಕೃತಿ. ಮೇಲ್ಮನವಿ ತೀರ್ಮಾನವಾಗಿ ಕಡತ ವಾಪಸು ಬಂದಾಗ, ಅಥವಾ ಮತ್ತೆ ವಿಚಾರಣೆ ನಡೆಸಿ ಎಂದು ಪ್ರಕರಣ ಮರಳಿದಾಗ, ಅದು ಯಾರ ಮೇಜಿನದೆಂದೇ ಗೊತ್ತಾಗುವುದಿಲ್ಲ. ಅನುಭವಸ್ಥರು ಇದಕ್ಕಾಗಿ ಪಟ್ಟಿಯ ಕೊನೆಗೆ ‘ಹೊರಗಿರುವ ಕಡತಗಳು’ ಎಂದು ಬೇರೆ ಭಾಗವನ್ನೇ ಮಾಡುತ್ತಾರೆ: ಯಾರಿಗೆ ಕೊಟ್ಟಿದೆ, ಯಾವ ದಿನ, ಅಲ್ಲಿನ ಪ್ರಕರಣ ಸಂಖ್ಯೆ ಏನು, ಸ್ವೀಕೃತಿ ಎಲ್ಲಿದೆ. ವಕೀಲರು ನೋಡಲೆಂದು, ಮೇಲಧಿಕಾರಿ ಫೋನಿನಲ್ಲಿ ಕೇಳಿದರೆಂದು ಸ್ವೀಕೃತಿ ಇಲ್ಲದೆ ಹೋದ ಕಡತವೂ ಇದೇ ಭಾಗದಲ್ಲಿ ಬರಬೇಕು. ಕಡತ ಕಾಣೆಯಾಯಿತೆಂದು ದೂರಾದಾಗ ಮೊದಲು ಕೇಳುವುದು ಕೊನೆಯ ಸಹಿ ಯಾರದೆಂದು.

ಇನ್ನು ಕೆಲವು ಕಡತಗಳಿಗೆ ಕಾನೂನು ಹಾಕಿದ ಗಡುವು ಇದೆ. ಗುಮಾಸ್ತರು ಬದಲಾದರೆಂದು ಆ ಗಡುವು ಮುಂದೆ ಹೋಗುವುದಿಲ್ಲ. ಜೂನ್ 3ರಂದು ಮಾಹಿತಿ ಹಕ್ಕು ಅರ್ಜಿ ಬಂದಿದೆ, ಜೂನ್ 28ರ ಅಪರಾಹ್ನ ವಿಷಯ ನಿರ್ವಾಹಕರು ಬಿಡುಗಡೆಯಾದರು ಎಂದುಕೊಳ್ಳಿ. 30 ದಿನದ ಗಡುವು ಜುಲೈ 3ಕ್ಕೆ ತೀರುತ್ತದೆ. ಹೊಸಬರಿಗೆ ಉಳಿಯುವುದು ಐದು ದಿನ. ಮೀರಿದರೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಮಾಹಿತಿ ಅಧಿಕಾರಿ ಸಹಾಯ ಕೇಳಿದ ನೌಕರನನ್ನೂ ಅದೇ ಕಾಯಿದೆ 5(5)ನೇ ಕಲಂನಲ್ಲಿ ಹೊಣೆಗಾರನೆಂದು ಎಣಿಸುತ್ತದೆ. ಸಕಾಲ ಸೇವೆಗಳಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಇವಕ್ಕಿಂತ ಭಯವಿರುವುದು ಹೈಕೋರ್ಟಿನ ರಿಟ್ ಆದೇಶಗಳದು. ‘ಅರ್ಜಿದಾರರ ಮನವಿಯನ್ನು ಇಷ್ಟು ತಿಂಗಳೊಳಗೆ ಪರಿಗಣಿಸಿ’ ಎಂಬ ಎರಡು ಹಾಳೆಯ ಆದೇಶ ಟಪಾಲಿನಲ್ಲಿ ಬಂದು ಕಡತ ಸೇರಿದರೆ ಮೇಲ್ನೋಟಕ್ಕೆ ಇನ್ನೊಂದು ಪತ್ರದಂತೆಯೇ ಕಾಣುತ್ತದೆ. ಗಡುವು ಮೀರಿದರೆ ಬರುವುದು ನೆನಪೋಲೆಯಲ್ಲ, ನ್ಯಾಯಾಂಗ ನಿಂದನೆಯ ನೋಟಿಸು. ಅದು ತಹಶೀಲ್ದಾರರ ಹೆಸರಿಗೇ ಬರುತ್ತದೆ. ಹಾಗಾಗಿ ಗಡುವಿನ ಕಡತಗಳನ್ನು ಕಡತ ಸಂಖ್ಯೆಯ ಕ್ರಮದಲ್ಲಲ್ಲ, ಗಡುವಿನ ದಿನಾಂಕದ ಕ್ರಮದಲ್ಲಿ ಪಟ್ಟಿಯ ಮೊದಲ ಪುಟದಲ್ಲಿ ಬರೆಯುವುದು ಸರಿ.

ಇ-ಆಫೀಸ್ ಬಂದ ಮೇಲೆ ಪಟ್ಟಿಯೇ ಬೇಡ, ಎಲ್ಲ ತೆರೆಯ ಮೇಲಿದೆ ಎನ್ನುವವರುಂಟು. ಅರ್ಧ ನಿಜ. ಇ-ಆಫೀಸಿನಲ್ಲಿ ಕಡತ ಹುದ್ದೆಗೆ ಅಂಟಿಕೊಂಡಿರುತ್ತದೆ. ಹೊರಡುವವರ ಹೆಸರನ್ನು ಆ ಹುದ್ದೆಯಿಂದ ತೆಗೆದು ಹೊಸಬರ ಹೆಸರನ್ನು ಜೋಡಿಸದಿದ್ದರೆ ಕಡತಗಳು ಹಳಬರ ಇನ್‌ಬಾಕ್ಸಿನಲ್ಲೇ ಕೂರುತ್ತವೆ, ಹೊಸಬರಿಗೆ ಕಾಣುವುದಿಲ್ಲ. ಜೋಡಿಸಿದರೂ ಹೊಸಬರು ಇನ್‌ಬಾಕ್ಸ್ ನೋಡುತ್ತಾರೆ, ‘ಪಾರ್ಕ್’ ಮಾಡಿಟ್ಟ ಕಡತಗಳ ಕಡೆ ಹೋಗುವುದಿಲ್ಲ. ಕೋರ್ಟಿನ ತಡೆಯಾಜ್ಞೆ ಇದೆಯೆಂದು ಪಾರ್ಕ್ ಮಾಡಿದ್ದು, ತಡೆ ತೆರವಾದ ಮೇಲೂ ಅಲ್ಲೇ ಉಳಿಯುತ್ತದೆ. ಅದಲ್ಲದೆ ಒಂದೇ ವಿಷಯದ ಅರ್ಧ ಭಾಗ ತೆರೆಯ ಮೇಲೆ, ಹಳೆಯ ಅರ್ಧ ಕೆಂಪು ದಾರ ಕಟ್ಟಿದ ಕಾಗದದ ಕಡತದಲ್ಲಿ ಇರುವುದು ಇಂದಿಗೂ ಉಂಟು. ಎರಡೂ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆದಿಡುವ ಕೆಲಸ ಮನುಷ್ಯನೇ ಮಾಡಬೇಕು.

ಪಟ್ಟಿ ಪಡೆಯುವವರು ಸಹಿ ಮಾಡುವ ಮುನ್ನ ಅದನ್ನು ಆವಕ ವಹಿಯೊಂದಿಗೆ ತಾಳೆ ನೋಡುವುದು ರೂಢಿ. ವಹಿಯಲ್ಲಿ ಈ ಮೇಜಿಗೆ ಗುರುತು ಹಾಕಿ ಮುಕ್ತಾಯದ ನಮೂದಿಲ್ಲದ ಸಂಖ್ಯೆ ಪಟ್ಟಿಯಲ್ಲಿ ಇಲ್ಲವೆಂದರೆ, ಆ ಕಡತ ಎಲ್ಲಿ ಎಂದು ಅಲ್ಲೇ ಕೇಳಬೇಕು. ಸಿಗದಿದ್ದರೆ ‘ಈ ಕಡತ ಹಸ್ತಾಂತರವಾಗಿಲ್ಲ’ ಎಂದು ಷರಾ ಬರೆದು ಸಹಿ ಮಾಡಬಹುದು. ಶಿರಸ್ತೇದಾರರ ಮೇಲು ಸಹಿಯೂ ಬೇಕು. ಬಿಡುಗಡೆ ಆದೇಶ ಬಂದ ದಿನವೇ ಹೊರಡಿಸಿ, ಹೊಸಬರು ವಾರಗಳ ನಂತರ ಬರುವಲ್ಲಿ ಪಟ್ಟಿ ಪಕ್ಕದ ಮೇಜಿನ ಪ್ರಭಾರಿಗೆ ಹೋಗಿ, ಅಲ್ಲಿಂದ ಎರಡನೆಯ ಸಲ ಹಸ್ತಾಂತರವಾಗುತ್ತದೆ. ಹೆಚ್ಚಿನ ಕಡತಗಳು ತಪ್ಪಿಹೋಗುವುದು ಈ ಎರಡನೆಯ ಹಸ್ತಾಂತರದಲ್ಲಿ, ಏಕೆಂದರೆ ಪ್ರಭಾರಿಯಾಗಿ ಇದ್ದವರು ತಮ್ಮ ಕಾಲದಲ್ಲಿ ಬಂದದ್ದನ್ನು ಹಳೆಯ ಪಟ್ಟಿಗೆ ಸೇರಿಸುವುದಿಲ್ಲ.

ಪಟ್ಟಿ ಮೂರು ಪ್ರತಿ: ಕಚೇರಿಗೆ ಒಂದು, ಪಡೆದವರಿಗೆ ಒಂದು, ಕೊಟ್ಟವರಿಗೆ ಒಂದು. ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದ ಪ್ರಕಾರ ನಿವೃತ್ತರ ಮೇಲೆ ನಾಲ್ಕು ವರ್ಷಕ್ಕಿಂತ ಹಿಂದೆ ನಡೆದ ಘಟನೆಗೆ ಹೊಸದಾಗಿ ಇಲಾಖಾ ವಿಚಾರಣೆ ಹೂಡುವಂತಿಲ್ಲ, ಅದರೊಳಗಿನದಕ್ಕೆ ಹೂಡಬಹುದು. ಮೂರನೆಯ ಪ್ರತಿಯನ್ನು ಕನಿಷ್ಠ ಅಷ್ಟು ಕಾಲ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.