‘ಹಗುರ’ ಎಂಬ ಮಾತಿನ ತೂಕ: ಆಭರಣದ ಜಾಹೀರಾತು ಮತ್ತು ಊರುಕಡೆಯ ಹಿರಿಯ ಗ್ರಾಹಕರು

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯುವತಿಯೊಬ್ಬಳನ್ನು ಉದ್ದೇಶಿಸಿ ಬರೆದ ಆಭರಣದ ಜಾಹೀರಾತು, ಅವಳ ಫೋನಿನಿಂದ ತಿಪಟೂರಿನ ತಾಯಿಯ ಫೋನಿಗೆ ‘ಅಮ್ಮ, ಇದು ಹೇಗಿದೆ?’ ಎಂಬ ಪ್ರಶ್ನೆಯೊಡನೆ ತಲುಪಿದಾಗ, ಬರೆದಾತನು ಊಹಿಸಿರದ ಓದುಗರೊಬ್ಬರು ಅದನ್ನು ಓದತೊಡಗುತ್ತಾರೆ. ಹಣ ಕೊಡುವವಳು ಮಗಳೇ ಆಗಿರಬಹುದು. ಆದರೆ ಚಿನ್ನದ ವಿಷಯದಲ್ಲಿ ಒಪ್ಪಿಗೆಯ ಕೊನೆಯ ಮಾತು ಅನೇಕ ಮನೆಗಳಲ್ಲಿ ಇಂದಿಗೂ ತಾಯಿಯದೇ. ಈ ಎರಡನೆಯ ಓದುಗರಿಗೆ ನೆಮ್ಮದಿ ಕೊಡುವಂತೆ, ಮೊದಲನೆಯವಳ ಉತ್ಸಾಹವೂ ಕುಂದದಂತೆ ಬರಹವನ್ನು ತಿದ್ದುವ ಬಗೆಯನ್ನು ನಾನು ತಿದ್ದಿದ ಒಂದು ಕರಪತ್ರವನ್ನೇ ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದೆ.

ಮೂಲ ಕರಪತ್ರದಲ್ಲಿ ಇದ್ದುದಿಷ್ಟು: ‘ನಿನ್ನ ದಿನ, ನಿನ್ನ ಚಿನ್ನ. ಹೂವಿನಷ್ಟು ಹಗುರವಾದ 18 ಕ್ಯಾರೆಟ್ ಆಭರಣಗಳು, 1.5 ಗ್ರಾಂನಿಂದ ಆರಂಭ. ಬೇಸರವಾಯಿತೇ? ಬದಲಿಸಿಕೊ!’ ನಗರದ ಯುವತಿಗೆ ಇದರಲ್ಲಿ ಕೊರತೆಯೇನೂ ಕಾಣದು. ಹಿರಿಯರ ಕಿವಿಗಾದರೋ ಇದರ ಪ್ರತಿಯೊಂದು ಗುಣವೂ ದೋಷವಾಗಿ ಕೇಳಿಸುತ್ತದೆ. ‘ಹಗುರ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮುಖಗಳಿವೆ. ಹೊರೆಯಿಲ್ಲದುದೂ ಹಗುರ, ಲೆಕ್ಕಕ್ಕಿಲ್ಲದುದೂ ಹಗುರ, ಯಾರನ್ನಾದರೂ ಹಗುರವಾಗಿ ಕಾಣುವುದೆಂದರೆ ಅವಮಾನಿಸುವುದೆಂದೇ ಅರ್ಥ. ಒಡವೆಯೆಂದರೆ ಕಷ್ಟಕಾಲಕ್ಕೆ ಒದಗುವ ಗಂಟು ಎಂದು ಬಗೆದವರಿಗೆ, ಹಗುರವಾದ ಒಡವೆಯೆಂಬುದು ಟೊಳ್ಳಾದ ಸರವನ್ನೂ, ಒಳಗೆ ಅರಗು ತುಂಬಿದ ಬಳೆಯನ್ನೂ ನೆನಪಿಗೆ ತಂದುಕೊಡುತ್ತದೆ.

ಇಂತಹ ಸಂದರ್ಭದಲ್ಲಿ ಜಾಹೀರಾತು ಬರೆಯುವವರು ಸಾಮಾನ್ಯವಾಗಿ ಕೈಹಾಕುವುದು ವಿಶೇಷಣಗಳಿಗೆ: ‘ಮೂರು ತಲೆಮಾರಿನ ನಂಬಿಕೆ’, ‘ಪರಿಶುದ್ಧ’, ‘ಮೋಸವಿಲ್ಲದ ವ್ಯವಹಾರ’. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು ದಾರಿ. ಮೋಸವಿಲ್ಲವೆಂದು ಹೇಳಬೇಕಾದರೂ ಮೊದಲು ಮೋಸವೆಂಬ ಮಾತನ್ನು ಆಡಬೇಕಾಗುತ್ತದೆ. ಅದುವರೆಗೆ ಸುಮ್ಮನಿದ್ದ ಸಂಶಯವನ್ನು ನಾವೇ ಎಬ್ಬಿಸಿ ಕೂರಿಸಿದಂತಾಗುತ್ತದೆ. ಎಚ್ಚರಿಕೆಯ ಗ್ರಾಹಕರಿಗೆ ಬೇಕಾದುದು ಪ್ರಶಂಸೆಯಲ್ಲ, ಲೆಕ್ಕ. ಅದರಲ್ಲಿಯೂ ಕೊಳ್ಳುವ ದಿನದ ಲೆಕ್ಕಕ್ಕಿಂತ ಹಿಂದಿರುಗಿಸುವ ದಿನದ ಲೆಕ್ಕ.

ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಕಲ್ಲು ಕೂರಿಸಿದ ಒಂದು ಪದಕದ ಒಟ್ಟು ತೂಕ 5 ಗ್ರಾಂ, ಅದರಲ್ಲಿ ಕಲ್ಲಿನ ತೂಕ ಅರ್ಧ ಗ್ರಾಂ ಎಂದಿರಲಿ. ಚಿನ್ನ ನಿಲ್ಲುವುದು 4.5 ಗ್ರಾಂ. 18 ಕ್ಯಾರೆಟ್ಟೆಂದರೆ ಸಾವಿರ ಪಾಲಿಗೆ 750 ಪಾಲು ಅಪರಂಜಿ. ಎಣಿಕೆಯ ಸೌಕರ್ಯಕ್ಕಾಗಿ ಅಪರಂಜಿಯ ದರವನ್ನು ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಈ ಚಿನ್ನಕ್ಕೆ ಗ್ರಾಮಿಗೆ 7,500. ಹೀಗೆ ಚಿನ್ನದ ಬೆಲೆ 33,750, ಅದರ ಮೇಲೆ ಶೇಕಡಾ 12ರಂತೆ ಮಜೂರಿ 4,050, ಕಲ್ಲಿಗೆ 1,200, ಕೂಡಿದರೆ 39,000. ಇದಕ್ಕೆ ಶೇಕಡಾ 3ರ ಜಿಎಸ್‌ಟಿ 1,170 ಸೇರಿ ಬಿಲ್ಲು 40,170 ರೂಪಾಯಿಗೆ ನಿಲ್ಲುತ್ತದೆ. ಅದೇ ದರದಲ್ಲಿ, ಏನೂ ಕಡಿತವಿಲ್ಲದೆ ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರೂ, ಕಲ್ಲಿಗೆ ಬೆಲೆ ಕಟ್ಟದಿದ್ದರೆ ಕೈಗೆ ಬರುವುದು 33,750 ಮಾತ್ರ. 6,420 ರೂಪಾಯಿ ಹೋದಂತೆಯೇ. ಯುವತಿಗೆ ಸ್ವಾತಂತ್ರ್ಯವಾಗಿ ಕಂಡ ‘ಬದಲಿಸಿಕೊ’ ಎಂಬ ಕರೆ ತಾಯಿಗೆ ಈ 6,420ರ ಕರೆಯಾಗಿ ಕೇಳಿಸುತ್ತದೆ. ಆಕೆ ಕಾಗದದ ಮೇಲೆ ಗುಣಿಸಿ ನೋಡಿರಲಾರರು. ಆದರೆ ಹಳೆಯ ಒಡವೆಯನ್ನು ಮುರಿಸಿ ಹೊಸದನ್ನು ಮಾಡಿಸಿದ ಪ್ರತಿ ಸಲವೂ ಏನೋ ಕರಗಿಹೋಯಿತೆಂಬುದನ್ನು ಚೆನ್ನಾಗಿ ಬಲ್ಲರು. ಕಲ್ಲಿನ ಅರ್ಧ ಗ್ರಾಮನ್ನೂ ಚಿನ್ನದ ದರದಲ್ಲಿ ತೂಗಿದರೆ 3,750 ರೂಪಾಯಿ ಹೆಚ್ಚಾಗಿ ತೆತ್ತಂತಾಗುವುದೆಂಬ ಭಯ ಇದರ ಜೊತೆಗೆ.

ಆದುದರಿಂದ ತಿದ್ದುಪಡಿಯ ಮೊದಲ ಕೆಲಸ, ಬಿಲ್ಲಿನ ಈ ವಿಭಾಗಗಳನ್ನು ಬರಹದೊಳಕ್ಕೆ ತರುವುದು: ‘ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಚಿನ್ನದ ದರ. ಮಜೂರಿ ಎಷ್ಟೆಂದು ಬಿಲ್ಲಿನಲ್ಲಿ ಬೇರೆಯಾಗಿ ಬರೆದಿರುತ್ತದೆ. ಹಿಂದಿರುಗಿಸಿದರೆ ಆ ದಿನದ ದರದಲ್ಲಿ ಚಿನ್ನದ ಪೂರ್ತಿ ಬೆಲೆ. ಮಜೂರಿ, ಕಲ್ಲು, ತೆರಿಗೆ ಹಿಂದಕ್ಕೆ ಬರುವುದಿಲ್ಲ.’ ಕೊನೆಯ ವಾಕ್ಯ ಅಂಗಡಿಗೆ ಪ್ರತಿಕೂಲವಾದುದು. ಅಷ್ಟರಿಂದಲೇ ಅದು ಮಿಕ್ಕ ಮೂರು ವಾಕ್ಯಗಳಿಗೆ ಜಾಮೀನು ನಿಲ್ಲುತ್ತದೆ. ‘ಶೇಕಡಾ ನೂರು ವಾಪಸು’ ಎಂಬ ಪ್ರಚಲಿತ ಘೋಷಣೆಯಾದರೋ ಯಾವುದರ ನೂರು ಎಂದು ಹೇಳದೆ ಜಾರಿಕೊಳ್ಳುತ್ತದೆ.

ಎರಡನೆಯದು ಶುದ್ಧತೆಯ ಮಾತು. ಇಲ್ಲಿ ‘ಪರಿಶುದ್ಧ’ ಎಂಬುದಕ್ಕಿಂತ, ಒಡವೆಯ ಮೇಲೆ ಬಿಐಎಸ್ ಗುರುತು, 750 ಎಂಬ ಅಂಕೆ, ಅಕ್ಷರ ಮತ್ತು ಅಂಕಿ ಕೂಡಿದ ಆರು ಸ್ಥಾನದ ಸಂಖ್ಯೆ ಇರುವುದೆಂದೂ, ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದೆಂದೂ ಬರೆಯುವುದು ಮೇಲು. ಪರಿಶೀಲನೆಯ ಕೆಲಸವನ್ನು ಮಗಳಿಗೆ ಒಪ್ಪಿಸಿ ತಾಯಿಯ ಸಂಶಯವನ್ನು ಹರಿಸುವ ವಾಕ್ಯವಿದು; ಒರೆಗಲ್ಲನ್ನು ನಂಬಿದವರು ಆ್ಯಪನ್ನು ನಂಬದಿರಬಹುದು, ಮಗಳ ಕಣ್ಣನ್ನು ನಂಬುತ್ತಾರೆ. ಆದರೆ ಇಲ್ಲೊಂದು ತೊಡಕಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿರುವೆಡೆ ಈ ಆರು ಸ್ಥಾನದ ಸಂಖ್ಯೆಯಿಲ್ಲದ ಚಿನ್ನಾಭರಣವನ್ನು ಮಾರುವಂತಿಲ್ಲವಾದರೂ, 2 ಗ್ರಾಮಿಗಿಂತ ಕಡಿಮೆ ತೂಕದ ವಸ್ತುಗಳಿಗೆ ಆ ಕಡ್ಡಾಯದಿಂದ ವಿನಾಯಿತಿಯುಂಟು. ನಮ್ಮ ಕರಪತ್ರ ಆರಂಭವಾಗುವುದೇ 1.5 ಗ್ರಾಂನಿಂದ! ‘ಪ್ರತಿಯೊಂದು ಆಭರಣಕ್ಕೂ ಹಾಲ್‌ಮಾರ್ಕ್’ ಎಂದು ಲೀಲಾಜಾಲವಾಗಿ ಬರೆದು, ಊರಿನ ಅಂಗಡಿಯಲ್ಲಿ ಹಿರಿಯರೊಬ್ಬರು ಮೂಗುಬೊಟ್ಟನ್ನು ಭೂತಗನ್ನಡಿಗೆ ಹಿಡಿದು ಗುರುತನ್ನು ಹುಡುಕಿ ಕಾಣದಿದ್ದರೆ, ಮಿಕ್ಕ ಬರಹವೆಲ್ಲವೂ ಅವರ ಪಾಲಿಗೆ ಸುಳ್ಳಾಗುತ್ತದೆ. ಆದ್ದರಿಂದ ‘2 ಗ್ರಾಂ ಮತ್ತು ಮೇಲ್ಪಟ್ಟ ಆಭರಣಗಳಿಗೆ’ ಎಂಬ ಮಾತನ್ನು ಸೇರಿಸಿದೆ.

ಸಂಬೋಧನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ‘ನಿನ್ನ’ ಎಂದರೆ ಗೆಳತಿಯ ಸಲುಗೆ. ಅರವತ್ತು ದಾಟಿದವರಿಗೆ ಅಂಗಡಿಯವನ ಬಾಯಿಂದ ಅದು ಉದ್ಧಟತನ. ‘ತಾವು’ ಎಂದರೆ ಮದುವೆಯ ಆಮಂತ್ರಣಪತ್ರಿಕೆಯ ದೂರ. ‘ನೀವು’ ಎಂಬುದು ಇಬ್ಬರಿಗೂ ಸಲ್ಲುವುದಾದರೂ ನನಗೆ ಹೆಚ್ಚು ಒಗ್ಗಿದುದು ಸರ್ವನಾಮವನ್ನೇ ಬಿಟ್ಟು ‘ದಿನವೂ ಹಾಕಿಕೊಳ್ಳಬಹುದು’ ಎಂಬಂತೆ ಕ್ರಿಯಾಪದದಲ್ಲಿಯೇ ಮಾತನ್ನು ಮುಗಿಸುವ ರೀತಿ. ಕನ್ನಡದಲ್ಲಿ ಈ ಸೌಕರ್ಯವಿರುವಾಗ ಬಳಸದಿರುವುದೇಕೆ? ‘ಹೂವಿನಷ್ಟು ಹಗುರ’ ಎಂಬುದನ್ನೂ ಈ ‘ದಿನವೂ ಹಾಕಿಕೊಳ್ಳಬಹುದು’ ಎಂಬುದರಲ್ಲಿಯೇ ಕರಗಿಸಿದೆ. ಯುವತಿಗೆ ಬೇಕಾದ ಅರ್ಥ ಉಳಿಯಿತು, ತಾಯಿಯನ್ನು ಕಾಡುವ ಅರ್ಥ ತೊಲಗಿತು.

ತಿದ್ದಿದ ಬರಹ ಫಲಿಸಿತೇ ಎಂದು ತಿಳಿಯಲು ‘ಚೆನ್ನಾಗಿದೆಯೇ?’ ಎಂದು ಕೇಳಿ ಪ್ರಯೋಜನವಿಲ್ಲ. ಹಿರಿಯರು ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಕಾಗದವನ್ನು ಮಗುಚಿಟ್ಟು, ‘ಎರಡು ವರ್ಷದ ಮೇಲೆ ಇದನ್ನು ವಾಪಸು ಕೊಟ್ಟರೆ ಏನು ಬರುತ್ತದೆ?’ ಎಂದು ಕೇಳಬೇಕು. ಉತ್ತರದಲ್ಲಿ ಮಜೂರಿಯ ಮಾತು ತಾನಾಗಿ ಬಂದರೆ ಬರಹ ತನ್ನ ಕೆಲಸ ಮಾಡಿದೆ. ‘ಅಂಗಡಿಯವರು ಒಳ್ಳೆಯವರಂತೆ’ ಎಂದಷ್ಟೇ ಬಂದರೆ ಎಲ್ಲಿಯೋ ವಿಶೇಷಣವೊಂದು ನುಸುಳಿಕೊಂಡಿದೆ.

ನನ್ನ ಕರಪತ್ರದ ಗತಿ ಹೀಗಾಯಿತು. ಅಂಗಡಿಯ ಯಜಮಾನರು ಹಿಂದಿರುಗಿಸುವ ಲೆಕ್ಕದ ವಾಕ್ಯವನ್ನು ತಿಪಟೂರಿನಲ್ಲಿ ಹಂಚುವ ಪ್ರತಿಯಲ್ಲಿ ಉಳಿಸಿಕೊಂಡು, ಬೆಂಗಳೂರಿನ ಹುಡುಗಿಯರು ಅದನ್ನೆಲ್ಲ ಕೇಳುವುದಿಲ್ಲವೆಂದು ಅಲ್ಲಿಯ ಪ್ರತಿಯಿಂದ ಹೊಡೆದುಹಾಕಿದರು. ಎರಡೂ ಪ್ರತಿಗಳು ಒಂದೇ ಮನೆಯಲ್ಲಿ ಸಂಧಿಸಲು ಹೆಚ್ಚು ದಿನ ಹಿಡಿಯಲಿಲ್ಲ. ಹಬ್ಬಕ್ಕೆ ಊರಿಗೆ ಬಂದಿದ್ದ ಮಗಳೊಡನೆ ಅಂಗಡಿಗೆ ಬಂದ ಹೆಂಗಸೊಬ್ಬರು ಕೈಯಲ್ಲಿದ್ದ ಕಾಗದವನ್ನೂ ಮಗಳ ಫೋನನ್ನೂ ಗಾಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ‘ಇದರಲ್ಲಿರೋ ಈ ಸಾಲು ಅವಳಿಗೆ ಕಳಿಸಿದ್ದರಲ್ಲಿ ಯಾಕಿಲ್ಲ?’ ಎಂದು ಕೇಳಿದರಂತೆ.