ವಾರ್ಷಿಕ ವರದಿ: ಬರಹದ ಅಂಕಿಗೂ ಕೋಷ್ಟಕದ ಅಂಕಿಗೂ ತಾಳೆ ನೋಡುವ ಬಗೆ

ಮಹಾಸಭೆಗೆ ಮೊದಲು ವಾರ್ಷಿಕ ವರದಿಯ ಕರಡು ಕೈಗೆ ಬಂದಾಗ ನಾವು ಮೊದಲಿನಿಂದ ಓದುತ್ತಾ ಹೋಗುವುದಿಲ್ಲ. ಮೊದಲ ಸುತ್ತಿನಲ್ಲಿ ಬರಹದ ಭಾಗವನ್ನಷ್ಟೇ ತೆಗೆದುಕೊಂಡು, ಅಂಕಿ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತೇವೆ. ಪ್ರತಿ ಅಂಕಿಯ ಪಕ್ಕದಲ್ಲೂ ಎಣಿಸಿದ್ದು ಏನನ್ನು, ಯಾವ ದಿನಾಂಕದವರೆಗೆ ಎಂದು ಬರೆದುಕೊಳ್ಳುತ್ತೇವೆ. ಕೋಷ್ಟಕ ತೆರೆಯುವುದು ಆಮೇಲೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಬಿಡುತ್ತದೆ. ಗುಮಾಸ್ತಿಕೆ ಮಾಡಿದವರಿಗೆ ಇದು ಗೊತ್ತು.

ಒಮ್ಮೆ ನಮ್ಮ ಕರಡಿನ ಬರಹದಲ್ಲಿ ಸದಸ್ಯರ ಸಂಖ್ಯೆ 1,284 ಎಂದಿತ್ತು, ಕೋಷ್ಟಕದಲ್ಲಿ 1,248. ವ್ಯತ್ಯಾಸ 36. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 36 ಭಾಗವಾಗುತ್ತದೆ, ಹಾಗಾಗಿ ಬೆರಳಚ್ಚಿನ ತಪ್ಪಿರಬಹುದು ಎಂಬ ಸುಳಿವು ಸಿಕ್ಕಿತು. ಆದರೆ ಯಾವುದು ಸರಿ ಎಂಬುದನ್ನು ಈ ಉಪಾಯ ಹೇಳುವುದಿಲ್ಲ. ಕೋಷ್ಟಕವೇ ಸರಿ ಎಂದು ಬರಹವನ್ನು ತಿದ್ದಲು ಹೊರಟವರನ್ನು ತಡೆದು ಸದಸ್ಯತ್ವದ ರಿಜಿಸ್ಟರ್ ತೆಗೆಸಿದೆವು. ಅಲ್ಲಿದ್ದದ್ದು 1,284. ತಪ್ಪು ಕೋಷ್ಟಕದಲ್ಲೇ ಆಗಿತ್ತು.

ಎರಡೂ ಅಂಕಿ ಸರಿಯಿದ್ದು ತಾಳೆಯಾಗದಿರುವುದು ಇನ್ನೂ ತೊಡಕಿನದು. ನಮ್ಮ ಗಡಿನಾಡಿನ ವರದಿಗಳಲ್ಲಿ 2011ರ ಜನಗಣತಿಯ ಕನ್ನಡಿಗರ ಸಂಖ್ಯೆ ಬರುವುದು ಸಾಮಾನ್ಯ. ಬರಹದಲ್ಲಿ 4,35,06,272 ಎಂದಿದ್ದು, ಹಿಂದಿನ ಪುಟದ ಕೋಷ್ಟಕದಲ್ಲಿ 4,37,06,512 ಎಂದಿದೆ ಎನ್ನೋಣ. ನೋಡಿದ ಕೂಡಲೇ ಯಾರೋ ಐದನ್ನು ಏಳು ಮಾಡಿದ್ದಾರೆ ಅನ್ನಿಸುತ್ತದೆ. ವ್ಯತ್ಯಾಸ ತೆಗೆದರೆ 2,00,240. ಇದು 9ರಿಂದ ಭಾಗವಾಗುವುದಿಲ್ಲ, ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳೂ ಬೇರೆ. ಇದು ಕೈತಪ್ಪಲ್ಲ.

ಜನಗಣತಿಯಲ್ಲಿ 'ಕನ್ನಡ' ಎಂಬ ಹೆಸರು ಎರಡು ಕಡೆ ಬರುತ್ತದೆ. ದೊಡ್ಡ ಅಂಕಿ ಭಾಷೆಯದು. ಅದರಡಿಯಲ್ಲಿ ಹಲವು ಮಾತೃಭಾಷೆಗಳನ್ನು ಸೇರಿಸಿದ್ದಾರೆ. ಚಿಕ್ಕ ಅಂಕಿ, ಮಾತೃಭಾಷೆ ಕನ್ನಡ ಎಂದೇ ಬರೆಸಿದವರದು. ನಡುವಿನ 2,00,240ರಲ್ಲಿ ಬಡಗ ಎಂದು ಬರೆಸಿದವರು 1,33,550, ಕುರುಬ ಅಥವಾ ಕುರುಂಬ ಎಂದವರು 24,189. ಉಳಿದ 42,501 ಇತರೆ. ನೀಲಗಿರಿಯ ಬಡಗರನ್ನು ಕನ್ನಡದೊಳಗೆ ಎಣಿಸಬೇಕೇ ಬೇಡವೇ ಎಂಬ ಚರ್ಚೆ ಬೇರೆ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ವರದಿ ಬರೆಯುವವರು ಒಂದು ಅಂಕಿಯನ್ನು ಹಿಡಿದು 'ಭಾಷೆ' ಎಂದೋ 'ಮಾತೃಭಾಷೆ' ಎಂದೋ ಪಕ್ಕದಲ್ಲೇ ಬರೆದರೆ ಸಾಕು. ಬರೆಯದಿದ್ದರೆ, ಊಟಿ ಕಡೆಯ ಸದಸ್ಯರು ಸಭೆಯಲ್ಲಿ ಎದ್ದು ನಿಂತು ನಮ್ಮನ್ನು ಲೆಕ್ಕಕ್ಕೆ ಸೇರಿಸಿದ್ದೀರೋ ಬಿಟ್ಟಿದ್ದೀರೋ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಇಂಥ ಬೆರಕೆಯನ್ನು ಶೇಕಡಾದಿಂದಲೂ ಹಿಡಿಯಬಹುದು. ದೇಶದ ಜನಸಂಖ್ಯೆಯಲ್ಲಿ ದೊಡ್ಡ ಅಂಕಿಯ ಪಾಲು ಶೇ. 3.61, ಚಿಕ್ಕದರ ಪಾಲು ಶೇ. 3.59. ಬರಹದಲ್ಲಿ ಚಿಕ್ಕ ಅಂಕಿಯ ಜೊತೆ 3.61 ಕುಳಿತಿದ್ದರೆ ಎರಡು ಕಡೆಯಿಂದ ತಂದು ಜೋಡಿಸಿದ್ದಾರೆ ಎಂದೇ ಅರ್ಥ. ಇನ್ನೊಂದು: 2001ರಲ್ಲಿ ಭಾಷೆಯ ಲೆಕ್ಕ 3,79,24,011 ಇದ್ದು, ಪಾಲು ಶೇ. 3.69 ಇತ್ತು. ಹತ್ತು ವರ್ಷದಲ್ಲಿ ಸಂಖ್ಯೆ ಶೇ. 15.25 ಏರಿತು, ಪಾಲು ಮಾತ್ರ ಇಳಿಯಿತು. ಬರಹ 'ಕನ್ನಡಿಗರು ಹೆಚ್ಚಿದ್ದಾರೆ' ಎಂದು, ಪಕ್ಕದ ಗೆರೆಚಿತ್ರ ಕೆಳಗಿಳಿಯುತ್ತಿದ್ದರೆ ಎರಡೂ ನಿಜವೇ. ಗೆರೆ ಪಾಲಿನದೋ ಸಂಖ್ಯೆಯದೋ ಎಂದು ಅಡಿಬರಹ ಇರಬೇಕು, ಅಷ್ಟೇ.

ಖರ್ಚಿನ ವೃತ್ತಚಿತ್ರದ ವಿಷಯದಲ್ಲಿ ನಾವೂ ಒಮ್ಮೆ ಮೋಸಹೋದೆವು. ಎಲ್ಲ ಪಾಲು ಕೂಡಿಸಿದರೆ ನೂರು ಬಂತು, ಸರಿ ಎಂದುಕೊಂಡೆವು. ಎಕ್ಸೆಲ್‌ನಲ್ಲಿ ಚಿತ್ರ ಮಾಡಿದ ಮೇಲೆ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿಸಿದರೆ, ಚಿತ್ರ ಹಲವು ಬಾರಿ ಹಳೆಯ ಸಾಲುಗಳನ್ನೇ ಹಿಡಿದಿರುತ್ತದೆ. ಉಳಿದ ಬಾಬತ್ತುಗಳನ್ನೇ ನೂರಕ್ಕೆ ಹಂಚಿಬಿಡುತ್ತದೆ. ಉದಾಹರಣೆಗೆ ಒಟ್ಟು ಖರ್ಚು 4,00,000 ರೂಪಾಯಿ, ಬಾಡಿಗೆ 80,000 ಎಂದರೆ ಪಾಲು ಶೇ. 20. ಕೊನೆಯಲ್ಲಿ ಸೇರಿಸಿದ ಊಟೋಪಚಾರದ 60,000 ಚಿತ್ರಕ್ಕೆ ಹೋಗದಿದ್ದರೆ ಅದೇ ಬಾಡಿಗೆ ಚಿತ್ರದಲ್ಲಿ ಶೇ. 23.5 ಆಗುತ್ತದೆ. ಆದ್ದರಿಂದ ನೂರು ಬಂತೇ ಎಂದು ನೋಡಿದರೆ ಸಾಲದು. ಚಿತ್ರದ ಹೋಳುಗಳನ್ನು ಎಣಿಸಿ ಕೋಷ್ಟಕದ ಸಾಲುಗಳ ಜೊತೆ ಹೋಲಿಸಬೇಕು. ಒಂದು ಬಾಬತ್ತಿನ ಶೇಕಡಾವನ್ನಾದರೂ ಕೈಯಲ್ಲಿ ಹಾಕಿ ನೋಡಬೇಕು.

ಈ ಸಲದ ಕರಡು ಕಳುಹಿಸುವ ಶಾಖೆಗಳವರು ಬರಹದ ಪ್ರತಿ ಅಂಕಿಯ ಪಕ್ಕ ಕೋಷ್ಟಕದ ಸಂಖ್ಯೆ, ಸಾಲಿನ ಸಂಖ್ಯೆ ಎರಡನ್ನೂ ಪೆನ್ಸಿಲಿನಲ್ಲಿ ಗುರುತಿಸಿ ಕಳುಹಿಸಿ. ಅಚ್ಚಿಗೆ ಕೊಡುವಾಗ ನಾವು ಅಳಿಸಿಕೊಳ್ಳುತ್ತೇವೆ.